‘ದಿ ಬುಕ್ ವಿಚ್ ಐ ರೆಡ್ ಇಟ್’: ಕೊನೆಯ ಆ ‘ಇಟ್’ ಯಾಕೆ ತಪ್ಪು, ಅದನ್ನು ಹಿಡಿದು ತೆಗೆಯುವುದು ಹೇಗೆ

ಸಂಜೆ ಹೊತ್ತು ನನ್ನ ಹತ್ತಿರ ಒಂದಷ್ಟು ಡಿಗ್ರಿ ಮಕ್ಕಳು ಇಂಗ್ಲಿಷ್ ಬರೆಯೋದು ಕಲಿಯಲು ಬರುತ್ತಾರೆ. ಅವರ ನೋಟ್‌ಬುಕ್‌ಗಳಲ್ಲಿ ನಾನು ಕೆಂಪು ಪೆನ್ನಿನಿಂದ ಅತಿ ಹೆಚ್ಚು ಸಲ ಸುತ್ತು ಹಾಕಿರುವ ಪದ ಯಾವುದು ಅಂದರೆ ‘ಇಟ್’. ‘ದಿ ಬುಕ್ ವಿಚ್ ಐ ರೆಡ್ ಇಟ್ ವಾಸ್ ಗುಡ್.’ ‘ದಿ ಮೂವಿ ದಟ್ ವಿ ಸಾ ಇಟ್ ಯೆಸ್ಟರ್‌ಡೇ.’ ‘ದಿ ಬಾಯ್ ಹೂ ಐ ಮೆಟ್ ಹಿಮ್.’ ಸ್ಪೆಲಿಂಗ್ ಸರಿ, ಟೆನ್ಸ್ ಸರಿ, ಕೊನೆಯಲ್ಲಿ ಮಾತ್ರ ಒಂದು ಪದ ಜಾಸ್ತಿ.

‘ಇಟ್ ತೆಗೆದುಬಿಡು’ ಅಂತ ಹೇಳಿದರೆ ಆ ಒಂದು ವಾಕ್ಯ ಸರಿಹೋಗುತ್ತದೆ. ಮುಂದಿನ ವಾರ ಇನ್ನೊಂದು ಕಡೆ ಅದೇ ತಪ್ಪು ಬರುತ್ತದೆ. ಇಲ್ಲವೇ ತೆಗೆಯಬಾರದ ‘ಇಟ್’ ಅನ್ನೂ ತೆಗೆದುಕೊಂಡು ಬರುತ್ತಾರೆ. ಹಾಗಾಗಿ ಕಾರಣದಿಂದಲೇ ಶುರು ಮಾಡುತ್ತೇನೆ. ಕಾರಣ ಗೊತ್ತಾದರೆ ಯಾವುದು ಹೋಗಬೇಕು, ಯಾವುದು ಉಳಿಯಬೇಕು ಅನ್ನೋದು ನಿಮಗೇ ಕಾಣುತ್ತದೆ.

ಮೊದಲು ನಿಮ್ಮ ಕನ್ನಡವನ್ನೇ ಕೇಳಿ

ಈ ವಾಕ್ಯ ಜೋರಾಗಿ ಓದಿ: ‘ನಾನು ಓದಿದ ಪುಸ್ತಕ ಚೆನ್ನಾಗಿತ್ತು.’ ಸರಿಯಾಗಿದೆ ಅಲ್ವಾ? ಈಗ ಇದನ್ನು ಓದಿ: ‘ನಾನು ಅದನ್ನು ಓದಿದ ಪುಸ್ತಕ ಚೆನ್ನಾಗಿತ್ತು.’ ಕಿವಿಗೆ ಏನೋ ಚುಚ್ಚಿದ ಹಾಗಾಯಿತು. ‘ಅದನ್ನು’ ಅಂದರೆ ಬೇರೆ ಯಾವುದೋ ವಸ್ತು ಇರಬೇಕು ಅನ್ನಿಸುತ್ತದೆ, ಅದೇ ಪುಸ್ತಕ ಅಂತ ಅರ್ಥ ಮಾಡಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ‘ದಿ ಬುಕ್ ವಿಚ್ ಐ ರೆಡ್ ಇಟ್’ ಕೇಳಿದಾಗ ಇಂಗ್ಲಿಷ್ ಮನೆಮಾತಿನವರಿಗೆ ಆಗುವುದು ಹೆಚ್ಚುಕಮ್ಮಿ ಇದೇ. ಅಂದರೆ ಈ ನಿಯಮ ನಿಮಗೆ ಹೊಸದಲ್ಲ. ಮಾತು ಕಲಿತಾಗಿನಿಂದ ನೀವು ಇದನ್ನು ತಪ್ಪದೆ ಪಾಲಿಸುತ್ತಾ ಬಂದಿದ್ದೀರಿ.

ಕನ್ನಡದಲ್ಲಿ ಇದನ್ನೇ ಹೇಳಲು ಇನ್ನೊಂದು ದಾರಿಯೂ ಇದೆ. ‘ನಾನು ಯಾವ ಪುಸ್ತಕವನ್ನು ಓದಿದೆನೋ ಅದನ್ನು ನೀನೂ ಓದು.’ ಇಲ್ಲಿ ‘ಅದನ್ನು’ ಬಂದಿದೆಯಲ್ಲ, ಹಾಗಾದರೆ ಇಂಗ್ಲಿಷಿನಲ್ಲಿ ‘ಇಟ್’ ಯಾಕೆ ಬರಬಾರದು ಅಂತ ಒಬ್ಬಳು ಹುಡುಗಿ ನನ್ನನ್ನು ಕೇಳಿದ್ದಳು. ತುಂಬಾ ಒಳ್ಳೆಯ ಪ್ರಶ್ನೆ. ಆದರೆ ಆ ‘ಅದನ್ನು’ ಯಾವ ಕ್ರಿಯಾಪದಕ್ಕೆ ಸೇರಿದ್ದು ಅಂತ ನೋಡಿ. ಎರಡನೆಯ ‘ಓದು’ಗೆ ಸೇರಿದ್ದು. ಮೊದಲನೆಯ ‘ಓದಿದೆನೋ’ಗೆ ಕರ್ಮ ‘ಯಾವ ಪುಸ್ತಕವನ್ನು’. ಒಂದೊಂದು ಕ್ರಿಯಾಪದಕ್ಕೆ ಒಂದೊಂದು ಕರ್ಮ, ಲೆಕ್ಕ ಸರಿಯಾಗಿದೆ. ‘ನಾನು ಯಾವ ಪುಸ್ತಕವನ್ನು ಅದನ್ನು ಓದಿದೆನೋ’ ಅಂತ ಯಾರಾದರೂ ಅಂದರೆ ನಾವೂ ಒಪ್ಪುವುದಿಲ್ಲ.

ಹಾಗಿದ್ದರೆ ಈ ತಪ್ಪು ನಮ್ಮಲ್ಲಿ ಇಷ್ಟೊಂದು ಯಾಕೆ? ನನಗೆ ಕಂಡ ಮಟ್ಟಿಗೆ ಎರಡು ಕಾರಣ. ಒಂದು, ನಾವು ‘ವಿಚ್’ ಅನ್ನು ಎರಡು ವಾಕ್ಯ ಕೂಡಿಸುವ ಕೊಂಡಿ ಅಂತ ತಿಳಿದುಕೊಳ್ಳುತ್ತೇವೆ. ‘ಒಂದು ಪುಸ್ತಕ ಇತ್ತು, ನಾನು ಅದನ್ನ ಓದಿದೆ’ ಅಂತ ತಲೆಯಲ್ಲಿ ಎರಡು ಪೂರ್ತಿ ವಾಕ್ಯ ಬರುತ್ತದೆ, ನಡುವೆ ‘ವಿಚ್’ ಅನ್ನೋ ಗೋಂದು ಹಾಕಿ ಅಂಟಿಸುತ್ತೇವೆ. ಎರಡನೆಯ ಕಾರಣ ನಮ್ಮಂಥ ಮೇಷ್ಟ್ರುಗಳಿಂದಲೇ ಬಂದದ್ದು. ಕನ್ನಡದಲ್ಲಿ ‘ಪುಸ್ತಕ ಓದಿದ್ಯಾ?’ ಅಂದರೆ ‘ಹೂಂ, ಓದಿದೆ’ ಅನ್ನುತ್ತೇವೆ. ‘ಅದನ್ನು’ ಹೇಳದಿದ್ದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ‘ಯೆಸ್, ಐ ರೆಡ್’ ಅಂತ ನಿಲ್ಲಿಸಿದರೆ ಅರ್ಧಕ್ಕೆ ಬಿಟ್ಟ ಹಾಗೆ, ‘ಐ ರೆಡ್ ಇಟ್’ ಅನ್ನಲೇಬೇಕು. ಇದನ್ನು ಶಾಲೆಯಲ್ಲಿ ತಿದ್ದಿ ತಿದ್ದಿ ಕಲಿಸಿರುತ್ತಾರೆ. ಮಕ್ಕಳು ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿರುತ್ತಾರೆ ಅಂದರೆ, ‘ವಿಚ್ ಐ ರೆಡ್’ ಅಂತ ಬರೆದ ತಕ್ಷಣ ಏನೋ ಬಿಟ್ಟುಹೋಯಿತು ಅನ್ನಿಸಿ ಕೈ ತಾನಾಗಿ ‘ಇಟ್’ ಬರೆದುಬಿಡುತ್ತದೆ. ಓದದ ಹುಡುಗರ ತಪ್ಪಲ್ಲ ಇದು, ಗಮನವಿಟ್ಟು ಕಲಿತವರ ತಪ್ಪು.

ಟವೆಲ್ ಹಾಕಿದ ಸೀಟು

ಕಾರಣ ಈಗ ಹೇಳುತ್ತೇನೆ. ‘ರೆಡ್’ ಅನ್ನೋ ಕ್ರಿಯಾಪದದ ಮುಂದೆ ಕರ್ಮಕ್ಕೆ ಅಂತ ಒಂದೇ ಒಂದು ಸೀಟು ಇದೆ. ‘ಐ ರೆಡ್ ದಿ ಬುಕ್’ ಅಂದಾಗ ಆ ಸೀಟಿನಲ್ಲಿ ‘ದಿ ಬುಕ್’ ಕೂತಿದೆ. ಇದನ್ನು ಒಳವಾಕ್ಯ ಮಾಡುವಾಗ ‘ದಿ ಬುಕ್’ ಜಾಗಕ್ಕೆ ‘ವಿಚ್’ ಬರುತ್ತದೆ: ‘ಐ ರೆಡ್ ವಿಚ್’. ಆಮೇಲೆ ‘ವಿಚ್’ ಎದ್ದು ಒಳವಾಕ್ಯದ ಮುಂದಕ್ಕೆ ಹೋಗಿ ನಿಲ್ಲುತ್ತದೆ: ‘ವಿಚ್ ಐ ರೆಡ್’. ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಸೀಟು ನೋಡಲು ಖಾಲಿ, ಆದರೆ ಅದು ‘ವಿಚ್’ನದು. ‘ವಿಚ್’ ಮುಂದೆ ಡ್ರೈವರ್ ಹತ್ತಿರ ನಿಂತಿದೆ, ಟವೆಲ್ ಸೀಟಿನ ಮೇಲಿದೆ. ಅಲ್ಲಿಗೆ ‘ಇಟ್’ ಬಂದು ಕೂತರೆ ಒಂದೇ ಸೀಟಿಗೆ ಇಬ್ಬರು.

ಇದು ಬರೀ ಕಲ್ಪನೆ ಅಲ್ಲ, ಇಂಗ್ಲಿಷಿನಲ್ಲೇ ಇದರ ಗುರುತು ಉಳಿದಿದೆ. ‘ಹೂ’ ಮತ್ತು ‘ಹೂಮ್’ ನೋಡಿ. ‘ದಿ ಮ್ಯಾನ್ ಹೂಮ್ ಐ ಮೆಟ್’ ಅನ್ನುವಾಗ ‘ಹೂಮ್’ ಒಳವಾಕ್ಯದ ಎಲ್ಲಕ್ಕಿಂತ ಮುಂದೆ, ಕರ್ತೃವಿಗಿಂತಲೂ ಮುಂದೆ ನಿಂತಿದೆ. ಆದರೂ ಅದಕ್ಕೆ ಕರ್ಮದ ರೂಪವೇ ಇದೆ. ‘ಹಿ’ಗೆ ‘ಹಿಮ್’ ಇದ್ದ ಹಾಗೆ ‘ಹೂ’ಗೆ ‘ಹೂಮ್’. ಎಲ್ಲಿ ನಿಂತರೂ ತಾನು ಎದ್ದು ಬಂದ ಸೀಟಿನ ಗುರುತನ್ನು ಹೊತ್ತುಕೊಂಡೇ ನಿಂತಿದೆ. ‘ಹೂಮ್ ಐ ಮೆಟ್ ಹಿಮ್’ ಅಂದರೆ ಒಂದೇ ‘ಮೆಟ್’ಗೆ ಎರಡು ಕರ್ಮ, ಎರಡರ ಕೊನೆಯಲ್ಲೂ ಅದೇ ‘ಮ್’. ಈಗ ಮಾತಿನಲ್ಲಿ ‘ಹೂಮ್’ ಕಡಿಮೆಯಾಗಿ ‘ಹೂ’ ಅಂತಲೇ ಹೇಳುವವರು ಜಾಸ್ತಿ, ಆದರೆ ಸೀಟಿನ ಲೆಕ್ಕ ಬದಲಾಗಿಲ್ಲ.

‘ವಿಚ್’ ಬದಲು ‘ದಟ್’ ಇದ್ದರೂ ಇದೇ ಲೆಕ್ಕ. ಎರಡೂ ಇಲ್ಲದೆ ‘ದಿ ಬುಕ್ ಐ ರೆಡ್’ ಅಂದರೂ ಅದೇ, ಸೀಟು ಖಾಲಿಯೇ ಇರಬೇಕು. ಹೀಗೆ ಖಾಲಿ ಇರಬೇಕಾದ ಜಾಗಕ್ಕೆ ಮತ್ತೆ ಬಂದು ಕೂರುವ ‘ಇಟ್’, ‘ಹಿಮ್’, ‘ದೆಮ್’ಗಳಿಗೆ ಭಾಷಾಶಾಸ್ತ್ರದಲ್ಲಿ ರಿಸಂಪ್ಟಿವ್ ಪ್ರೊನೌನ್ ಅನ್ನುತ್ತಾರೆ. ನಾನು ಇಲ್ಲಿ ಮರುಸರ್ವನಾಮ ಅಂತ ಕರೆಯುತ್ತೇನೆ.

ಎಲ್ಲ ಭಾಷೆಯಲ್ಲೂ ಇದು ತಪ್ಪಲ್ಲ ಅನ್ನೋದು ಗೊತ್ತಿರಲಿ. ಅರಬ್ಬಿಯಲ್ಲಿ ‘ನಾನು ಓದಿದ ಪುಸ್ತಕ’ ಅನ್ನಲು ‘ಅಲ್-ಕಿತಾಬ್ ಅಲ್ಲದೀ ಕರಅತುಹು’ ಅನ್ನುತ್ತಾರೆ. ಕೊನೆಯ ‘ಹು’ ಅಂದರೆ ‘ಅದನ್ನು’. ಅಕ್ಷರಕ್ಕೆ ಅಕ್ಷರ ‘ದಿ ಬುಕ್ ವಿಚ್ ಐ ರೆಡ್ ಇಟ್’, ಮತ್ತು ಅಲ್ಲಿ ಅದೇ ಒಳ್ಳೆಯ ವ್ಯಾಕರಣ. ಯಾಕೆಂದರೆ ‘ಅಲ್ಲದೀ’ ಕರ್ಮದ ಸೀಟಿನಿಂದ ಎದ್ದು ಬಂದದ್ದಲ್ಲ. ಅದು ತನಗಿಂತ ಮೊದಲು ಬಂದ ‘ಕಿತಾಬ್’ ಪದಕ್ಕೆ ಹೊಂದಿಕೊಂಡು ನಿಲ್ಲುವ ಕೊಂಡಿ, ಅಷ್ಟೇ. ಸೀಟಿಗೆ ಟವೆಲ್ ಬಿದ್ದೇ ಇಲ್ಲ, ‘ಹು’ ಕೂರಬಹುದು. ಕರಾವಳಿಯಿಂದ ಗಲ್ಫಿಗೆ ಹೋಗಿ ಕೆಲಸ ಮಾಡುವ ನಮ್ಮವರು ಅಲ್ಲಿನ ಸಹೋದ್ಯೋಗಿಗಳ ಬಾಯಲ್ಲಿ ‘ದಿ ಫೈಲ್ ವಿಚ್ ಐ ಸೆಂಟ್ ಇಟ್’ ಕೇಳಿದರೆ ಅದು ಬರುವುದು ಇಲ್ಲಿಂದ. ಅವರ ತಪ್ಪು ಅವರ ಭಾಷೆಯಿಂದಲೇ ನೇರವಾಗಿ ಬಂದದ್ದು. ನಮ್ಮದು ಹಾಗಲ್ಲ, ನಮ್ಮ ಭಾಷೆ ನಮಗೆ ಸರಿಯಾದದ್ದನ್ನೇ ಹೇಳುತ್ತಿದೆ.

ಕಟ್ಟುವುದು ಹೇಗೆ

ಮೊದಲ ಹೆಜ್ಜೆ: ಹೇಳಬೇಕಾದದ್ದನ್ನು ಎರಡು ಪುಟ್ಟ ವಾಕ್ಯವಾಗಿ ಬರೆಯಿರಿ. ‘ದಿ ಬುಕ್ ವಾಸ್ ಗುಡ್.’ ‘ಐ ರೆಡ್ ದಿ ಬುಕ್.’ ಇದನ್ನು ತಲೆಯಲ್ಲಿ ಮಾಡಬೇಡಿ, ಶುರುವಿನಲ್ಲಿ ಒಂದು ವಾರವಾದರೂ ಕಾಗದದ ಮೇಲೆ ಮಾಡಿ. ಎರಡನೆಯ ವಾಕ್ಯದಲ್ಲಿ ‘ಇಟ್’ ಬರೆಯದೆ ‘ದಿ ಬುಕ್’ ಅಂತ ಪೂರ್ತಿ ಬರೆಯಿರಿ. ಇದೇ ಮುಖ್ಯ. ‘ಐ ರೆಡ್ ಇಟ್’ ಅಂತ ಬರೆದುಕೊಂಡರೆ ಆ ‘ಇಟ್’ ಕೊನೆತನಕ ನಿಮ್ಮ ಜೊತೆ ಬರುತ್ತದೆ.

ಎರಡನೆಯದು: ಎರಡೂ ವಾಕ್ಯದಲ್ಲಿರುವ ಪದಕ್ಕೆ ಗೆರೆ ಎಳೆಯಿರಿ. ಒಳಗೆ ಹೋಗಬೇಕಾದ ವಾಕ್ಯದಲ್ಲಿ ಆ ಪದವನ್ನು ಹೊಡೆದುಹಾಕಿ, ಅದರ ತಲೆಯ ಮೇಲೆ ‘ವಿಚ್’ ಬರೆಯಿರಿ, ಮನುಷ್ಯರಾದರೆ ‘ಹೂ’. ಪದ ಹೋಯಿತು, ಅದರ ಬದಲು ‘ವಿಚ್’ ಬಂತು. ಎರಡೂ ಇರುವಂತಿಲ್ಲ.

ಮೂರನೆಯದು: ‘ವಿಚ್’ ಅನ್ನು ಆ ವಾಕ್ಯದ ಮುಂದಕ್ಕೆ ತನ್ನಿ. ಅದು ಇದ್ದ ಜಾಗದಲ್ಲಿ ಒಂದು ಸಣ್ಣ ಗೆರೆ ಎಳೆದು ಖಾಲಿ ಬಿಡಿ. ನನ್ನ ಮಕ್ಕಳು ಅಲ್ಲಿ ಒಂದು ಪುಟ್ಟ ಚೌಕ ಬರೆಯುತ್ತಾರೆ. ಚೌಕ ಕಣ್ಣಿಗೆ ಕಾಣುತ್ತಿದ್ದರೆ ಅದರೊಳಗೆ ಇನ್ನೊಂದು ಪದ ಹಾಕಲು ಕೈ ಹೋಗುವುದಿಲ್ಲ.

ನಾಲ್ಕನೆಯದು: ಈ ಇಡೀ ತುಂಡನ್ನು ಎತ್ತಿ ಮೊದಲ ವಾಕ್ಯದ ‘ದಿ ಬುಕ್’ ಪಕ್ಕದಲ್ಲೇ ಇಡಿ. ‘ದಿ ಬುಕ್ ವಿಚ್ ಐ ರೆಡ್ ವಾಸ್ ಗುಡ್.’ ‘ರೆಡ್ ವಾಸ್’ ಅಂತ ಎರಡು ಕ್ರಿಯಾಪದ ಅಂಟಿಕೊಂಡು ಬಂದದ್ದು ನೋಡಿ ಹೆದರಬೇಡಿ. ಅದು ಸರಿಯಾಗಿಯೇ ಇದೆ, ನಡುವೆ ಚೌಕ ಇದೆ. ಎಷ್ಟೋ ಜನ ಈ ಅಂಟು ನೋಡಿ ಇರಿಸುಮುರಿಸಾಗಿಯೇ ನಡುವೆ ‘ಇಟ್’ ತುರುಕುತ್ತಾರೆ.

ಕರ್ತೃವಿನ ಸೀಟಿಗೂ ಇದೇ ನಿಯಮ. ‘ದಿ ಬಾಯ್ ಹೂ ಹಿ ಕೇಮ್ ಯೆಸ್ಟರ್‌ಡೇ’ ತಪ್ಪು, ‘ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಸರಿ. ಜಾಗದ ‘ವೇರ್’ಗೂ ಇದೇ: ‘ದಿ ಸ್ಕೂಲ್ ವೇರ್ ಐ ಸ್ಟಡೀಡ್ ದೇರ್’ ಅನ್ನುವಾಗ ‘ದೇರ್’ ಹೆಚ್ಚುವರಿ.

ಬರೆದದ್ದನ್ನು ತಪಾಸಣೆ ಮಾಡುವುದು

ಈಗಾಗಲೇ ಬರೆದ ವಾಕ್ಯ ಎದುರಿಗಿದ್ದರೆ ಒಳವಾಕ್ಯದ ಕ್ರಿಯಾಪದದ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಪ್ರಶ್ನೆ ಕೇಳಿ. ‘ರೆಡ್’: ಯಾರು ಓದಿದ್ದು? ‘ಐ’. ಏನನ್ನು ಓದಿದ್ದು? ‘ವಿಚ್’, ಅಂದರೆ ಪುಸ್ತಕವನ್ನು. ಎರಡು ಪ್ರಶ್ನೆಗೂ ಉತ್ತರ ಸಿಕ್ಕಿತು. ಇನ್ನು ‘ಇಟ್’ ಉಳಿದಿದೆಯಲ್ಲ, ಅದು ಯಾವ ಪ್ರಶ್ನೆಗೆ ಉತ್ತರ? ‘ಏನನ್ನು’ ಪ್ರಶ್ನೆಗೆ ಎರಡನೇ ಸಲ ಅದೇ ಉತ್ತರ. ಹಾಗಾಗಿ ಹೊರಗೆ.

ಕ್ರಿಯಾಪದ ‘ಗೇವ್’ ಆಗಿದ್ದರೆ ಪ್ರಶ್ನೆ ಮೂರು: ಯಾರು, ಏನನ್ನು, ಯಾರಿಗೆ. ‘ದಿ ಬುಕ್ ವಿಚ್ ಐ ಗೇವ್ ಹರ್’ ಸರಿಯಾಗಿದೆ, ಯಾಕೆಂದರೆ ‘ಹರ್’ ಬಂದಿರುವುದು ‘ಯಾರಿಗೆ’ ಅನ್ನೋ ಸೀಟಿಗೆ. ‘ದಿ ಬುಕ್ ವಿಚ್ ಐ ಗೇವ್ ಇಟ್ ಟು ಹರ್’ ತಪ್ಪು, ‘ಏನನ್ನು’ ಸೀಟು ಎರಡು ಸಲ ತುಂಬಿದೆ.

ವಾಕ್ಯ ಉದ್ದವಾದಷ್ಟೂ ಮರುಸರ್ವನಾಮ ನುಸುಳುವುದು ಜಾಸ್ತಿ. ‘ದಿ ಬುಕ್ ವಿಚ್ ಮೈ ಟೀಚರ್ ಸೆಡ್ ದಟ್ ಐ ಶುಡ್ ರೀಡ್ ಇಟ್’ ನೋಡಿ. ‘ವಿಚ್’ ಬಿಟ್ಟು ಎಷ್ಟೋ ದೂರ ಬಂದಿದ್ದೇವೆ, ಅಷ್ಟರಲ್ಲಿ ಅದನ್ನು ಮರೆತೇಬಿಡುತ್ತೇವೆ. ಪ್ರಶ್ನೆ ಕೇಳುವುದು ಇಲ್ಲೂ ಕೆಲಸ ಮಾಡುತ್ತದೆ, ಆದರೆ ಎಲ್ಲಕ್ಕಿಂತ ಒಳಗಿರುವ ಕ್ರಿಯಾಪದಕ್ಕೆ ಕೇಳಬೇಕು: ‘ರೀಡ್’, ಏನನ್ನು? ಆ ದೂರದ ‘ವಿಚ್’ನ್ನೇ. ‘ಇಟ್’ ತೆಗೆಯಿರಿ.

ಇಟ್ ಹೋಗಲಿ, ಇನ್ ಇರಲಿ

ಈ ಭಾಗಕ್ಕೆ ಸ್ವಲ್ಪ ಸಮಯ ಕೊಡಿ. ‘ಇಟ್’ ತೆಗೆಯಲು ಕಲಿತವರು ಇನ್ನೊಂದು ತಪ್ಪಿಗೆ ಬೀಳುವುದು ಇಲ್ಲಿ, ಮತ್ತು ಇದು ಮಾತ್ರ ನೇರವಾಗಿ ಕನ್ನಡದಿಂದ ಬರುವ ತಪ್ಪು.

‘ನಾನು ಇದ್ದ ಮನೆ’ ಅನ್ನುತ್ತೇವೆ. ಬಿಡಿಸಿ ಹೇಳಿದರೆ ‘ನಾನು ಮನೆಯಲ್ಲಿ ಇದ್ದೆ’. ಆ ‘ಅಲ್ಲಿ’ ಎಲ್ಲಿ ಹೋಯಿತು? ‘ನಾನು ಹಣ್ಣು ಹೆಚ್ಚಿದ ಚಾಕು’: ಚಾಕುವಿನಿಂದ ಹೆಚ್ಚಿದ್ದು, ‘ಇಂದ’ ಮಾಯ. ‘ನಾವು ಹೋದ ಊರು’: ಊರಿಗೆ ಹೋದದ್ದು, ‘ಗೆ’ ಇಲ್ಲ. ಕನ್ನಡದಲ್ಲಿ ಈ ರೀತಿ ಕಟ್ಟಿದಾಗ ನಾಮಪದದ ಜೊತೆಗೆ ಅದರ ವಿಭಕ್ತಿ ಪ್ರತ್ಯಯವೂ ಹೋಗಿಬಿಡುತ್ತದೆ, ಅರ್ಥ ನಾವೇ ಊಹಿಸಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಹೋಗುವುದು ನಾಮಪದ ಮಾತ್ರ. ‘ಇನ್’, ‘ವಿತ್’, ‘ಟು’ ಇದ್ದಲ್ಲೇ ಇರುತ್ತವೆ.

ಹಾಗಾಗಿ ‘ದಿ ಹೌಸ್ ವಿಚ್ ಐ ಲಿವ್ಡ್ ಇನ್ ಇಟ್’ ಅನ್ನು ತಿದ್ದಿದರೆ ಬರಬೇಕಾದದ್ದು ‘ದಿ ಹೌಸ್ ವಿಚ್ ಐ ಲಿವ್ಡ್ ಇನ್’. ‘ಇನ್’ ಕೊನೆಯಲ್ಲಿ ಒಂಟಿಯಾಗಿ ನಿಂತದ್ದು ನೋಡಿ ನಮಗೆ ಕಸಿವಿಸಿ. ಒಂದೋ ಅದಕ್ಕೆ ‘ಇಟ್’ ಜೊತೆ ಕೊಡುತ್ತೇವೆ, ಇಲ್ಲವೇ ಅದನ್ನೂ ಅಳಿಸಿ ‘ದಿ ಹೌಸ್ ವಿಚ್ ಐ ಲಿವ್ಡ್’ ಅನ್ನುತ್ತೇವೆ. ಎರಡೂ ತಪ್ಪು. ‘ದಿ ನೈಫ್ ವಿಚ್ ಐ ಕಟ್ ದಿ ಫ್ರೂಟ್ ವಿತ್’ ಅನ್ನುವಾಗ ‘ವಿತ್’ ಬಿಟ್ಟರೆ ಹೆಚ್ಚಿದ್ದು ಚಾಕುವಿನಿಂದ ಅನ್ನೋದೇ ವಾಕ್ಯದಲ್ಲಿ ಉಳಿಯುವುದಿಲ್ಲ.

ಒಂಟಿ ‘ಇನ್’ ಕಣ್ಣಿಗೆ ಚೆನ್ನಾಗಿ ಕಾಣದಿದ್ದರೆ ಅದನ್ನು ‘ವಿಚ್’ ಜೊತೆಗೇ ಮುಂದೆ ಕಳಿಸಬಹುದು: ‘ದಿ ಹೌಸ್ ಇನ್ ವಿಚ್ ಐ ಲಿವ್ಡ್’. ಅರ್ಜಿ, ವರದಿಗಳಲ್ಲಿ ಇದು ಚೆನ್ನಾಗಿ ಒಪ್ಪುತ್ತದೆ. ‘ದಟ್’ ಜೊತೆ ಮಾತ್ರ ಹೀಗೆ ಕಳಿಸಲು ಬರುವುದಿಲ್ಲ, ‘ದಿ ಹೌಸ್ ಇನ್ ದಟ್ ಐ ಲಿವ್ಡ್’ ಅನ್ನುವಂತಿಲ್ಲ. ಮುಂದೆಯೂ ಒಂದು ಹಿಂದೆಯೂ ಒಂದು ‘ಇನ್’ ಇಡುವವರೂ ಇದ್ದಾರೆ. ಒಂದು ಸಾಕು.

ಸಂಬಂಧ ಹೇಳುವ ‘ಅವನ’, ‘ಅದರ’ ಕೂಡ ಇದೇ ಗುಂಪಿಗೆ ಸೇರುತ್ತದೆ. ‘ಮನೆ ಬಿದ್ದುಹೋದ ರೈತ’ ಅಂದರೆ ಕನ್ನಡಕ್ಕೆ ಸಾಕು. ಇಂಗ್ಲಿಷಿಗೆ ಬರುವಾಗ ‘ದಿ ಫಾರ್ಮರ್ ಹೂ ಹಿಸ್ ಹೌಸ್ ಫೆಲ್ ಡೌನ್’ ಅಂತ ಬರೆಯುತ್ತೇವೆ. ಇಲ್ಲಿ ‘ಹಿಸ್’ ಸುಮ್ನೆ ಅಳಿಸಿದರೆ ಆಗುವುದಿಲ್ಲ. ‘ಹೂ’ ಮತ್ತು ‘ಹಿಸ್’ ಎರಡೂ ಕರಗಿ ‘ಹೂಸ್’ ಆಗಬೇಕು: ‘ದಿ ಫಾರ್ಮರ್ ಹೂಸ್ ಹೌಸ್ ಫೆಲ್ ಡೌನ್’.

ತೆಗೆಯಬಾರದ ಇಟ್

ನಿಯಮ ಕಲಿತ ಹುರುಪಿನಲ್ಲಿ ಒಬ್ಬ ಹುಡುಗ ತನ್ನ ಇಡೀ ಪ್ರಬಂಧದಲ್ಲಿ ‘ವಿಚ್’ ಆದ ಮೇಲೆ ಬಂದ ಪ್ರತಿ ‘ಇಟ್’ ಅನ್ನೂ ಹೊಡೆದುಹಾಕಿದ್ದ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ದಿ ಬುಕ್ ವಿಚ್ ಐ ರೆಡ್ ಬಿಫೋರ್ ಐ ಸೋಲ್ಡ್ ಇಟ್’. ಈ ‘ಇಟ್’ ತಪ್ಪಲ್ಲ. ಅದು ‘ಸೋಲ್ಡ್’ನ ಕರ್ಮ, ‘ರೆಡ್’ನದಲ್ಲ. ‘ವಿಚ್’ ಎದ್ದು ಬಂದದ್ದು ‘ರೆಡ್’ ಮುಂದಿನ ಸೀಟಿನಿಂದ, ಅದು ಖಾಲಿಯೇ ಇದೆ. ‘ಬಿಫೋರ್’ ಶುರುವಾದಲ್ಲಿಂದ ಬೇರೆ ಬಸ್ಸು, ಬೇರೆ ಸೀಟು. ಕನ್ನಡದಲ್ಲೂ ‘ಅದನ್ನು ಮಾರುವ ಮೊದಲು ನಾನು ಓದಿದ ಪುಸ್ತಕ’ ಅಂದರೆ ಕಿವಿಗೆ ಚುಚ್ಚುವುದಿಲ್ಲ, ಗಮನಿಸಿ.

ಯಾವುದಕ್ಕೂ ನಿಲ್ಲದ ‘ಇಟ್’ ಒಂದಿದೆ: ‘ಎ ಬುಕ್ ವಿಚ್ ಇಟ್ ಈಸ್ ಹಾರ್ಡ್ ಟು ಫೈಂಡ್’. ಈ ‘ಇಟ್’ ಅಂದರೆ ಪುಸ್ತಕ ಅಲ್ಲ, ‘ಇಟ್ ಈಸ್ ರೇನಿಂಗ್’ನಲ್ಲಿರುವ ಹಾಗೆ ಕರ್ತೃವಿನ ಜಾಗ ತುಂಬಲು ಬಂದದ್ದು. ಪುಸ್ತಕದ ಸೀಟು ‘ಫೈಂಡ್’ ಮುಂದಿದೆ, ಖಾಲಿ ಇದೆ. ಹಾಗಾಗಿ ‘ಇಟ್’ ಕಂಡ ತಕ್ಷಣ ಪೆನ್ನು ಎತ್ತಬೇಡಿ. ಇದು ಯಾವ ಕ್ರಿಯಾಪದದ್ದು, ಇದು ಅದೇ ಪುಸ್ತಕವೇ ಅಂತ ಎರಡು ಪ್ರಶ್ನೆ ಕೇಳಿ.

ತೆಗೆದರೂ ತಪ್ಪು, ಇಟ್ಟರೂ ತಪ್ಪು

‘ಯಾರು ಬರೆದಿದ್ದಾರೋ ಗೊತ್ತಿಲ್ಲದ ಪುಸ್ತಕ.’ ಎಷ್ಟು ಸಲೀಸಾಗಿ ಹೇಳಿದೆವು! ಇದನ್ನು ಇಂಗ್ಲಿಷಿಗೆ ತನ್ನಿ. ‘ಎ ಬುಕ್ ವಿಚ್ ಐ ಡೋಂಟ್ ನೋ ಹೂ ರೋಟ್ ಇಟ್’ ಅಂದರೆ ಮರುಸರ್ವನಾಮ. ಸರಿ, ‘ಇಟ್’ ತೆಗೆಯೋಣ: ‘ಎ ಬುಕ್ ವಿಚ್ ಐ ಡೋಂಟ್ ನೋ ಹೂ ರೋಟ್’. ಇದೂ ಕುಂಟುತ್ತದೆ. ‘ಹೂ’ ಅನ್ನೋ ಪ್ರಶ್ನೆಪದ ಆಗಲೇ ಒಳಗಿನ ವಾಕ್ಯದ ಬಾಗಿಲಲ್ಲಿ ನಿಂತಿದೆ, ಅದನ್ನು ದಾಟಿಕೊಂಡು ‘ವಿಚ್’ ಹೊರಗೆ ಬರಲು ಆಗುವುದಿಲ್ಲ. ಇಂಥ ಜಾಗಗಳಿಗೆ ಭಾಷಾಶಾಸ್ತ್ರಜ್ಞರು ದ್ವೀಪ ಅಂತ ಹೆಸರಿಟ್ಟಿದ್ದಾರೆ. ಜಾನ್ ರಾಬರ್ಟ್ ರಾಸ್ ಅನ್ನುವವರು 1967ರಲ್ಲಿ ಎಂಐಟಿಗೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಿಂದ ಬಂದ ಹೆಸರು ಅದು. ದ್ವೀಪದೊಳಗಿನ ಪದಕ್ಕೆ ಹೊರಗೆ ಬರಲು ದಾರಿಯಿಲ್ಲ.

ಇಲ್ಲೇ ಒಂದು ವಿಶೇಷ ಇದೆ. ಇಂಗ್ಲಿಷ್ ಮನೆಮಾತಿನವರೂ ಮಾತಾಡುವಾಗ ಇಂಥ ಜಾಗದಲ್ಲಿ ‘ಇಟ್’ ಹಾಕಿಬಿಡುತ್ತಾರೆ. ವಾಕ್ಯ ಶುರು ಮಾಡಿ ಆಗಿರುತ್ತದೆ, ಮುಂದೆ ದಾರಿಯಿಲ್ಲ ಅಂತ ನಡುವೆ ಗೊತ್ತಾಗುತ್ತದೆ, ‘ಇಟ್’ ಹಾಕಿ ಹೇಗೋ ದಡ ಸೇರುತ್ತಾರೆ. ಫರೇರಾ ಮತ್ತು ಸ್ವೆಟ್ಸ್ ಎಂಬ ಇಬ್ಬರು ಸಂಶೋಧಕರು 2005ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಅವರ ಉದಾಹರಣೆ ಒಂದು ಕತ್ತೆಯದು: ‘ದಿಸ್ ಈಸ್ ಎ ಡಾಂಕಿ ದಟ್ ಐ ಡೋಂಟ್ ನೋ ವೇರ್ ಇಟ್ ಲಿವ್ಸ್’. ಜನ ಇಂಥ ವಾಕ್ಯಗಳನ್ನು ತಾವೇ ಹೇಳುತ್ತಾರೆ, ಆದರೆ ಇದು ಸರಿಯಾ ಅಂತ ಕೇಳಿದರೆ ಒಪ್ಪುವುದಿಲ್ಲ. ಹಾಗಾಗಿ ಯಾವುದಾದರೂ ವಿಡಿಯೋದಲ್ಲಿ ಅಮೆರಿಕದವರೊಬ್ಬರು ಹೀಗೆ ಅಂದದ್ದು ಕೇಳಿ ‘ಅವರೂ ಹೇಳುತ್ತಾರಲ್ಲ’ ಅನ್ನಿಸಿದರೆ, ಅವರು ಎಲ್ಲಿ ಹೇಳಿದರು ಅಂತ ನೋಡಿ. ಇಂಥ ಇಕ್ಕಟ್ಟಿನಲ್ಲಿ ಹೇಳಿರುತ್ತಾರೆ. ‘ದಿ ಬುಕ್ ವಿಚ್ ಐ ರೆಡ್’ನಂಥ ಸರಳ ಜಾಗದಲ್ಲಲ್ಲ.

ಬರೆಯುವಾಗ ನಮಗೆ ಆ ಇಕ್ಕಟ್ಟು ಬೇಕಾಗಿಲ್ಲ. ವಾಕ್ಯವನ್ನೇ ಬದಲಿಸಿ: ‘ಐ ಡೋಂಟ್ ನೋ ಹೂ ರೋಟ್ ದಿಸ್ ಬುಕ್’. ಅಥವಾ ‘ಎ ಬುಕ್ ಹೂಸ್ ಆಥರ್ ಐ ಡೋಂಟ್ ನೋ’.

ಒಂದು ಅರ್ಜಿ, ನಾಲ್ಕು ವಾಕ್ಯ

ಕೊನೆಯ ವರ್ಷದ ಹುಡುಗಿಯೊಬ್ಬಳು ಕೆಲಸದ ಅರ್ಜಿಯ ಜೊತೆ ಕಳಿಸಲು ತನ್ನ ಪ್ರಾಜೆಕ್ಟ್ ಬಗ್ಗೆ ಬರೆದುಕೊಂಡು ಬಂದಿದ್ದಳು. ನಾವಿಬ್ಬರೂ ಕೂತು ಒಂದೊಂದೇ ವಾಕ್ಯ ತಿದ್ದಿದೆವು.

ಮೊದಲನೆಯದು: ‘ದಿ ಪ್ರಾಜೆಕ್ಟ್ ವಿಚ್ ಐ ಡಿಡ್ ಇಟ್ ಇನ್ ಮೈ ಫೈನಲ್ ಇಯರ್ ವಾಸ್ ಅಬೌಟ್ ಡ್ರಿಪ್ ಇರಿಗೇಷನ್’. ‘ಡಿಡ್’, ಏನನ್ನು? ‘ವಿಚ್’. ‘ಇಟ್’ ಹೋಯಿತು, ಇದು ಅರ್ಧ ನಿಮಿಷದ ಕೆಲಸ.

ಎರಡನೆಯದು: ‘ದಿ ವಿಲೇಜ್ ವಿಚ್ ವಿ ಸ್ಟೇಡ್ ಇನ್ ಇಟ್ ಈಸ್ ನಿಯರ್ ಅರಸೀಕೆರೆ’. ಅವಳು ‘ಇನ್ ಇಟ್’ ಎರಡನ್ನೂ ಹೊಡೆದಳು. ಆಮೇಲೆ ‘ವಿ ಸ್ಟೇಡ್ ದಿ ವಿಲೇಜ್’ ಅಂತ ಬಿಡಿಸಿ ಬರೆದು ನೋಡಿದಳು, ಆಗ ತಾನೇ ‘ಇನ್’ ವಾಪಸ್ ತಂದಳು: ‘ದಿ ವಿಲೇಜ್ ವಿಚ್ ವಿ ಸ್ಟೇಡ್ ಇನ್ ಈಸ್ ನಿಯರ್ ಅರಸೀಕೆರೆ’. ‘ಇನ್ ಈಸ್’ ಓದಲು ತೊಡಕು ಅನ್ನಿಸಿತು. ಅರ್ಜಿಯಾದ್ದರಿಂದ ‘ದಿ ವಿಲೇಜ್ ಇನ್ ವಿಚ್ ವಿ ಸ್ಟೇಡ್’ ಅಂತ ಇಟ್ಟೆವು. ‘ವೇರ್ ವಿ ಸ್ಟೇಡ್’ ಕೂಡ ಆಗುತ್ತಿತ್ತು.

ಮೂರನೆಯದರಲ್ಲಿ ಬೇಕಾದಷ್ಟು ಕೆಲಸ ಇತ್ತು: ‘ದಿ ಫಾರ್ಮರ್ ಹೂ ವಿ ಯೂಸ್ಡ್ ಹಿಸ್ ಲ್ಯಾಂಡ್ ಗೇವ್ ಅಸ್ ಎ ಪಂಪ್ ವಿಚ್ ಹಿ ಹ್ಯಾಡ್ ರಿಪೇರ್ಡ್ ಇಟ್ ಟ್ವೈಸ್ ಬಿಫೋರ್ ಹಿ ಲೆಂಟ್ ಇಟ್ ಟು ಅಸ್’. ಮೊದಲು ರೈತ. ಬಿಡಿಸಿದರೆ ‘ವಿ ಯೂಸ್ಡ್ ದಿ ಫಾರ್ಮರ್ಸ್ ಲ್ಯಾಂಡ್’. ರೈತನ ಜಾಗಕ್ಕೆ ‘ಹೂಸ್’ ಬಂತು, ಅದು ಮುಂದೆ ಹೋಗುವಾಗ ‘ಲ್ಯಾಂಡ್’ ಅನ್ನೂ ಜೊತೆಗೆ ಕರೆದುಕೊಂಡೇ ಹೋಗಬೇಕು: ‘ಹೂಸ್ ಲ್ಯಾಂಡ್ ವಿ ಯೂಸ್ಡ್’. ಆಮೇಲೆ ಪಂಪು. ಎರಡು ‘ಇಟ್’ ಇದೆ, ಎರಡೂ ಪಂಪೇ. ಮೊದಲನೆಯದು ‘ರಿಪೇರ್ಡ್’ನದು, ಅದು ‘ವಿಚ್’ನ ಸೀಟು, ಹೋಗಬೇಕು. ಎರಡನೆಯದು ‘ಬಿಫೋರ್’ ಆಚೆಯ ‘ಲೆಂಟ್’ನದು, ಇರಬೇಕು. ತಿದ್ದಿದ ಮೇಲೆ: ‘ದಿ ಫಾರ್ಮರ್ ಹೂಸ್ ಲ್ಯಾಂಡ್ ವಿ ಯೂಸ್ಡ್ ಗೇವ್ ಅಸ್ ಎ ಪಂಪ್ ವಿಚ್ ಹಿ ಹ್ಯಾಡ್ ರಿಪೇರ್ಡ್ ಟ್ವೈಸ್ ಬಿಫೋರ್ ಹಿ ಲೆಂಟ್ ಇಟ್ ಟು ಅಸ್’.

ನಾಲ್ಕನೆಯದು: ‘ದಿ ಮೆಕ್ಯಾನಿಕ್ ಹೂ ಮೈ ಫ್ರೆಂಡ್ ಸೆಡ್ ದಟ್ ಹಿ ನೋಸ್ ಡ್ರಿಪ್ ಸಿಸ್ಟಮ್ಸ್ ಹೆಲ್ಪ್ಡ್ ಅಸ್’. ಬಿಡಿಸಿದಾಗ ‘ಮೈ ಫ್ರೆಂಡ್ ಸೆಡ್ ದಟ್ ದಿ ಮೆಕ್ಯಾನಿಕ್ ನೋಸ್ ಡ್ರಿಪ್ ಸಿಸ್ಟಮ್ಸ್’. ಮೆಕ್ಯಾನಿಕ್ ಇಲ್ಲಿ ‘ನೋಸ್’ನ ಕರ್ತೃ. ಅವಳು ‘ಹಿ’ ತೆಗೆದಳು, ‘ಹೂ ಮೈ ಫ್ರೆಂಡ್ ಸೆಡ್ ದಟ್ ನೋಸ್’ ಅಂತ ಉಳಿಯಿತು. ಇದಿನ್ನೂ ಸರಿ ಇಲ್ಲ. ಖಾಲಿಯಾದದ್ದು ಕರ್ತೃವಿನ ಸೀಟಾದರೆ, ಅದರ ಬೆನ್ನಿಗೇ ಇರುವ ‘ದಟ್’ ಕೂಡ ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ. ಕರ್ಮದ ಸೀಟಾಗಿದ್ದರೆ ‘ದಟ್’ ಇದ್ದರೂ ನಡೆಯುತ್ತಿತ್ತು, ‘ವಿಚ್ ಮೈ ಟೀಚರ್ ಸೆಡ್ ದಟ್ ಐ ಶುಡ್ ರೀಡ್’ ಅಂದ ಹಾಗೆ. ಇಲ್ಲಿ ಅದೂ ಹೋಗಬೇಕು. ‘ದಿ ಮೆಕ್ಯಾನಿಕ್ ಹೂ ಮೈ ಫ್ರೆಂಡ್ ಸೆಡ್ ನೋಸ್ ಡ್ರಿಪ್ ಸಿಸ್ಟಮ್ಸ್ ಹೆಲ್ಪ್ಡ್ ಅಸ್’ ಅಂತ ಬರೆದು ಅವಳು ಎರಡು ಸಲ ಓದಿದಳು. ‘ಸರ್, ಸೆಡ್ ಆದ ಮೇಲೆ ನೇರ ನೋಸ್ ಅಂತ ಬಂದಿದೆ, ಏನೋ ಬಿಟ್ಟ ಹಾಗಿದೆಯಲ್ಲ?’ ಅಂದಳು. ಚೌಕ ಬರೆದು ನೋಡು ಅಂದೆ. ‘ಸೆಡ್’ ಮತ್ತು ‘ನೋಸ್’ ನಡುವೆ ಪೆನ್ಸಿಲಿನಲ್ಲಿ ಪುಟ್ಟ ಚೌಕ ಬರೆದಳು, ಅಲ್ಲಿಂದ ‘ಹೂ’ತನಕ ಒಂದು ಬಾಣ ಎಳೆದಳು, ಆಮೇಲೆ ಎರಡನ್ನೂ ರಬ್ಬರಿನಿಂದ ಅಳಿಸಿ ಅರ್ಜಿಯನ್ನು ಹೊಸ ಹಾಳೆಯಲ್ಲಿ ಬರೆಯಲು ಕೂತಳು.